ಬೋರ್ಡು ಅದೇ, ಸೌಟು ಬೇರೆ

ಮನೆಯಲ್ಲಿ ಶುಭಕಾರ್ಯ ಗೊತ್ತಾಯಿತು ಅಂದರೆ ಛತ್ರ, ಪುರೋಹಿತರು, ಸೀರೆ ಎಲ್ಲದಕ್ಕಿಂತ ಮೊದಲು ಏಳುವ ಪ್ರಶ್ನೆ ಒಂದೇ. "ಅಡುಗೆಗೆ ಯಾರು?" ಮೊದಲಾದರೆ ನಾಲ್ಕು ಮನೆಯವರನ್ನು ಕೇಳುತ್ತಿದ್ದೆವು. ಈಗ ಅದರ ಜೊತೆಗೆ ಮೊಬೈಲು ತೆಗೆದು ಎಷ್ಟು ನಕ್ಷತ್ರ ಬಿದ್ದಿದೆ ಅಂತಲೂ ನೋಡುತ್ತೇವೆ. ಎರಡೂ ಕಡೆ ಒಳ್ಳೆಯ ಮಾತೇ ಇದ್ದರೆ ಮುಂಗಡ ಕೊಟ್ಟು ನಿಶ್ಚಿಂತೆಯಾಗಿ ಮಲಗುತ್ತೇವೆ. ಹಾಗೆ ನಿಶ್ಚಿಂತೆಯಾಗಿ ಮಲಗಿದ ನಾನು ಎದ್ದು ಕೂತ ಕಥೆಯನ್ನು ಈ ಸಲ ಹೇಳುತ್ತೇನೆ.

2023ರ ಮೇ ತಿಂಗಳಲ್ಲಿ ನನ್ನ ನಾದಿನಿಯ ಮಗಳ ನಿಶ್ಚಿತಾರ್ಥ. ಹೆಣ್ಣಿನ ಕಡೆಯವರು ನಾವು. ಊಟದ ಜವಾಬ್ದಾರಿ ನಮ್ಮದು. "ಅತ್ತಿಗೆ, ಅಡುಗೆ ವಿಷಯ ನಿಮಗೇ ಬಿಟ್ಟಿದ್ದೇನೆ" ಎಂದು ನಾದಿನಿ ಹೇಳಿದಾಗ ನಾನು ಒಂದು ಕ್ಷಣವೂ ಯೋಚಿಸಲಿಲ್ಲ. ನಮ್ಮ ಪಕ್ಕದ ಊರಿನಲ್ಲಿ ಹೆಸರುವಾಸಿಯಾದ ಹೋಟೆಲೊಂದಿದೆ. ಕೆಳಗೆ ಹೋಟೆಲು, ಮೇಲೆ ಇನ್ನೂರು ಜನ ಕೂರುವ ಭೋಜನಶಾಲೆ. 2016ರಲ್ಲಿ ಅಲ್ಲೊಂದು ಮದುವೆಯೂಟ ಉಂಡಿದ್ದೆ. ಆ ಹುಳಿಯ ಘಮ, ತೆಳುವಾದ ಒಬ್ಬಟ್ಟು ಇನ್ನೂ ನಾಲಿಗೆಯ ಮೇಲಿತ್ತು. ನಾದಿನಿಯ ಮಗ ಮೊಬೈಲಿನಲ್ಲಿ ನೋಡಿ, "ಅತ್ತೆ, 440 ಜನ ಬರೆದಿದ್ದಾರೆ, 4.3 ನಕ್ಷತ್ರ. ಇನ್ನೇನು ಬೇಕು?" ಅಂದ. ಇನ್ನೇನು ಬೇಕು ಅಂತ ನನಗೂ ಹೊಳೆಯಲಿಲ್ಲ. 160 ಎಲೆ, ಎಲೆಗೆ 280 ರೂಪಾಯಿ, ಮುಂಗಡ 15,000 ಕೊಟ್ಟು ಬಂದೆವು.

ಆ ದಿನ ನಡೆದದ್ದನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಹುಳಿಯಲ್ಲಿ ತರಕಾರಿ ಒಂದು ಕಡೆ, ನೀರು ಒಂದು ಕಡೆ. ಒಬ್ಬಟ್ಟು ಎಲ್ಲಿಂದಲೋ ತರಿಸಿದ್ದು, ಅಂಚು ಹಪ್ಪಳದ ಹಾಗೆ ಒಣಗಿತ್ತು. ಕೋಸಂಬರಿಯ ಹೆಸರುಬೇಳೆ ನೆನೆದೇ ಇರಲಿಲ್ಲ, ಹಲ್ಲಿಗೆ ಕಟಕಟ ಅನ್ನುತ್ತಿತ್ತು. ಇದನ್ನೆಲ್ಲ ಬೀಗರು ನಗುನಗುತ್ತಲೇ ಸಹಿಸಿದರು. ಆದರೆ ಮೂರನೆಯ ಪಂಕ್ತಿಗೆ ಎಲೆ ಹಾಕಿ, ಉಪ್ಪು ಉಪ್ಪಿನಕಾಯಿ ಬಡಿಸಿ, ಜನ ಕೂತ ಮೇಲೆ ಅನ್ನ ಬರಲಿಲ್ಲ. ಇಪ್ಪತ್ತೈದು ನಿಮಿಷ ಬರಲಿಲ್ಲ. ಆ ಪಂಕ್ತಿಯಲ್ಲಿ ಗಂಡಿನ ಸೋದರತ್ತೆ ಕೂತಿದ್ದರು. ನಾದಿನಿ ಕಂಬದ ಹಿಂದೆ ನಿಂತು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು. ನನಗೆ ಆಗ ಎಲ್ಲಿಗಾದರೂ ಓಡಿಹೋಗೋಣ ಅನ್ನಿಸಿತು ನೋಡಿ.

ಪಾತ್ರೆ ತೊಳೆಯುತ್ತಿದ್ದ ಹಳೆಯ ಹೆಂಗಸೊಬ್ಬಳನ್ನು ಆಮೇಲೆ ಮಾತಾಡಿಸಿದೆ. "ಅಯ್ಯೋ ಅಮ್ಮಾ, ನಿಮಗೆ ಗೊತ್ತಿಲ್ವಾ? ಭಟ್ಟರು ಹೋದ ದೀಪಾವಳೀಲೇ ಬಿಟ್ಟು ಮಗನ ಊರಿಗೆ ಹೋದ್ರು. ಯಜಮಾನ್ರೂ ಹೋಟ್ಲು ಬೇರೆಯವರಿಗೆ ಗುತ್ತಿಗೆ ಕೊಟ್ಬಿಟ್ರು. ಇವತ್ತು ಹನ್ನೆರಡು ಕಿಲೋ ಅಕ್ಕಿ ಹಾಕಿದ್ದಾರೆ ಅಷ್ಟೇ" ಅಂದಳು. ಎಲೆಗೆ ನೂರು ಗ್ರಾಂ ಅಂತ ಕೈ ಬಿಗಿ ಹಿಡಿದು ಲೆಕ್ಕ ಹಾಕಿದರೂ 160 ಎಲೆಗೆ ಹದಿನಾರು ಕಿಲೋ ಬೇಕು. ಬೋರ್ಡು ಮಾತ್ರ ಅದೇ ಹಸಿರು ಬೋರ್ಡು, ಅದೇ ಹೆಸರು.

ಆ ರಾತ್ರಿ ನಿದ್ದೆ ಬರಲಿಲ್ಲ. ಆ 440 ಜನ ಸುಳ್ಳು ಹೇಳಿದ್ದರೇ? ಇಲ್ಲ. ಅವರಲ್ಲಿ ಹೆಚ್ಚಿನವರು ನನ್ನ ಹಾಗೆಯೇ ಭಟ್ಟರ ಕೈಯೂಟ ಉಂಡು ಸಂತೋಷದಿಂದ ಬರೆದವರು. ಬರೆದದ್ದು ನಿಜ, ಆದರೆ ಬರೆದದ್ದು ಯಾರ ವಿಷಯ? ಈ ಪ್ರಶ್ನೆ ಇಟ್ಟುಕೊಂಡು ಮರುದಿನ ನಾದಿನಿಯ ಮಗನನ್ನು ಕೂರಿಸಿಕೊಂಡು, ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಒಂದೊಂದಾಗಿ ಬರೆದುಕೊಂಡೆ.

ಮೊದಲು ತಿಳಿದ ವಿಷಯ ಇದು. ಮೊಬೈಲಿನ ನಕ್ಷೆಯಲ್ಲಿ ಹೋಟೆಲಿನ ಹೆಸರು ಒತ್ತಿದಾಗ ಮೊದಲಿಗೆ ಕಾಣುವ ಅಭಿಪ್ರಾಯಗಳು ಹೊಸವೇ ಆಗಿರಬೇಕಿಲ್ಲ. ಹೆಚ್ಚು ಉದ್ದ ಬರೆದದ್ದು, ಹೆಚ್ಚು ಜನ ಮೆಚ್ಚಿದ್ದು ಮೇಲೆ ಬಂದು ಕೂತಿರುತ್ತದೆ. ಐದು ವರ್ಷದ ಹಿಂದಿನ ಹೊಗಳಿಕೆ ತಲೆಯ ಮೇಲೆ, ಹೋದ ತಿಂಗಳ ದೂರು ಕಾಲಡಿ. ಅಲ್ಲಿ ‘Sort’ ಎಂದಿರುವುದನ್ನು ಒತ್ತಿ ‘Newest’ ಎಂಬುದನ್ನು ಆರಿಸಿದರೆ ಹೊಸವು ಮೇಲೆ ಬರುತ್ತವೆ. ಹಾಗೆ ಮಾಡಿ, ದೀಪಾವಳಿಯಿಂದ ಈಚೆಗೆ ಬರೆದವರನ್ನು ಎಣಿಸಿದೆವು. ಸರಿಯಾಗಿ 40 ಜನ ಸಿಕ್ಕಿದರು. ಅವರು ಕೊಟ್ಟ ನಕ್ಷತ್ರಗಳನ್ನು ಕೂಡಿದರೆ ನೂರು. ಅಂದರೆ ತಲೆಗೆ ಎರಡೂವರೆ.

ಎರಡೂವರೆ ಕೊಡುವ ಹೋಟೆಲಿಗೆ ಮೇಲೆ 4.3 ಅಂತ ಹೇಗೆ ಕಾಣುತ್ತದೆ? ಇದು ಮನೆಯಲ್ಲಿ ಹಾಲಿಗೆ ನೀರು ಬೆರೆಸುವ ಲೆಕ್ಕದಷ್ಟೇ ಸುಲಭ. ಹಳೆಯ 400 ಜನ ಸರಾಸರಿ ನಾಲ್ಕೂವರೆ ಕೊಟ್ಟಿದ್ದರು ಅಂದುಕೊಳ್ಳಿ, ಒಟ್ಟು 1,800 ಆಯಿತು. ಹೊಸಬರ ನೂರು ಸೇರಿಸಿದರೆ 1,900. ಅದನ್ನು 440ರಿಂದ ಭಾಗಿಸಿ. 4.3 ಚಿಲ್ಲರೆ ಬರುತ್ತದೆ! ಏಳು ತಿಂಗಳಿಂದ ಹೋಟೆಲು ಹಾಳಾಗಿದ್ದರೂ ಮೇಲಿನ ಅಂಕಿ ಇಳಿದದ್ದು ನಾಲ್ಕೂವರೆಯಿಂದ 4.3ಕ್ಕೆ ಮಾತ್ರ. ಅದೇ ಅಂಕಿ ನಾಲ್ಕಕ್ಕೆ ಇಳಿಯಬೇಕಾದರೆ ಒಟ್ಟು ಸುಮಾರು 130 ಜನ ಹೀಗೇ ಕೆಟ್ಟ ಊಟ ಉಂಡು, ಬೇಸರಪಟ್ಟು, ಬರೆಯಬೇಕು. ಉಂಡವರೆಲ್ಲ ಬರೆಯುತ್ತಾರೆಯೇ? ನಮ್ಮ 160 ಜನರಲ್ಲಿ ಬರೆದವರು ಇಬ್ಬರು. ಅಂದರೆ ಆ ಅಂಕಿ ನಮ್ಮನ್ನು ಎಚ್ಚರಿಸುವ ಹೊತ್ತಿಗೆ ಎಷ್ಟು ನಿಶ್ಚಿತಾರ್ಥ, ಎಷ್ಟು ನಾಮಕರಣ ಕೆಟ್ಟಿರಬೇಕು, ನೀವೇ ಯೋಚಿಸಿ.

ಹಾಗಾದರೆ ಹಳೆಯ ಮಾತೆಲ್ಲ ಕಸವೇ? ಅದೂ ಅಲ್ಲ. ಪುಸ್ತಕ ಮುಂದಿಟ್ಟುಕೊಂಡು ಮತ್ತೆ ಓದಿದಾಗ ನನಗೆ ಇನ್ನೊಂದು ವಿಷಯ ಹೊಳೆಯಿತು. ಒಂದೊಂದು ಹೊಗಳಿಕೆಯೂ ಒಂದೊಂದು ಕಡೆಗೆ ಸೇರಿದ್ದು. ಅಕ್ಕಿ ಆರಿಸುವ ಹಾಗೆ ಅದನ್ನು ಮೂರು ಗುಡ್ಡೆ ಮಾಡಬಹುದು.

ಮೊದಲನೆಯದು ಜಾಗದ ಗುಡ್ಡೆ. "ಗಾಳಿ ಬೆಳಕು ಚೆನ್ನಾಗಿದೆ", "ಬಸ್‌ಸ್ಟ್ಯಾಂಡಿಗೆ ಹತ್ತಿರ", "ವಯಸ್ಸಾದವರಿಗೆ ಮೆಟ್ಟಿಲು ಕಷ್ಟ", "ಕಾರು ನಿಲ್ಲಿಸಲು ಜಾಗವಿಲ್ಲ" ಎಂಬ ಮಾತುಗಳು. ಮಾಲೀಕರು ಹತ್ತು ಸಲ ಬದಲಾದರೂ ಕಟ್ಟಡ ಬದಲಾಗದಿದ್ದರೆ ಈ ಮಾತು ಹಳೆಯದಾದರೂ ಸಲ್ಲುತ್ತದೆ. ನಿಶ್ಚಿತಾರ್ಥದ ದಿನ ಇದರಲ್ಲಿ ಒಂದೂ ಸುಳ್ಳಾಗಲಿಲ್ಲ. ಗಾಳಿ ಚೆನ್ನಾಗಿಯೇ ಬಂತು!

ಎರಡನೆಯದು ಯಜಮಾನರ ಗುಡ್ಡೆ. "ಕೈ ಬಿಚ್ಚಿ ಬಡಿಸುತ್ತಾರೆ", "ಹೇಳಿದ್ದಕ್ಕಿಂತ ಹತ್ತು ಜನ ಹೆಚ್ಚಾದರೂ ಮುಖ ಸಿಂಡರಿಸಲಿಲ್ಲ", "ಮಿಕ್ಕ ದುಡ್ಡು ವಾಪಸು ಕೊಟ್ಟರು", "ಒಳ್ಳೆಯ ತುಪ್ಪ ಹಾಕುತ್ತಾರೆ" ಅನ್ನುವಂಥವು. ಅಕ್ಕಿ ಎಷ್ಟು ಕಿಲೋ ಹಾಕಬೇಕು, ಎಣ್ಣೆ ಎಷ್ಟು ಸಲ ಕಾಯಿಸಬೇಕು, ಬಡಿಸಲು ಎಷ್ಟು ಜನರನ್ನು ಕರೆಸಬೇಕು, ಇವೆಲ್ಲ ಅಡುಗೆಯವರ ಕೈಯಲ್ಲಿಲ್ಲ. ಸಾಮಾನು ತರುವವರ ಕೈಯಲ್ಲಿದೆ. ಹನ್ನೆರಡು ಕಿಲೋ ಅಕ್ಕಿ ಕೊಟ್ಟರೆ ನಳಮಹಾರಾಜನೇ ಬಂದರೂ 160 ಜನಕ್ಕೆ ಸಾಲದು. ಆದ್ದರಿಂದ ಮಾಲೀಕರೋ ಮ್ಯಾನೇಜರೋ ಬದಲಾದ ದಿನವೇ ಈ ಗುಡ್ಡೆಯ ಹಳೆಯ ಮಾತುಗಳಿಗೆ ಬೆಲೆ ಹೋಯಿತು.

ಮೂರನೆಯದು ಕೈರುಚಿಯ ಗುಡ್ಡೆ. "ಹುಳಿ ಅಂದರೆ ಇದು", "ಒಬ್ಬಟ್ಟು ಬಾಯಲ್ಲಿಟ್ಟರೆ ಕರಗುತ್ತದೆ." ಇದು ಅಡುಗೆಯವರಿಗೆ ಸೇರಿದ್ದು. ಇಲ್ಲೊಂದು ಸೂಕ್ಷ್ಮವಿದೆ. ದೊಡ್ಡ ಅಡುಗೆಯಲ್ಲಿ ರುಚಿಯ ಗುಟ್ಟು ಪುಡಿಯಲ್ಲಿರುತ್ತದೆ ಅಂತ ನಮಗೆ ಗೊತ್ತು. ಹುಳಿಪುಡಿ, ಸಾರಿನಪುಡಿಗೆ ಧನಿಯಾ, ಮೆಣಸಿನಕಾಯಿ, ಕಡಲೆಬೇಳೆ, ಮೆಂತ್ಯ ಎಷ್ಟೆಷ್ಟು, ಯಾವುದನ್ನು ಎಷ್ಟು ಹುರಿಯಬೇಕು ಎಂಬುದನ್ನು ಮುಖ್ಯ ಅಡುಗೆಯವರು ತಮ್ಮ ಕೈಯಲ್ಲೇ ಇಟ್ಟುಕೊಂಡಿರುತ್ತಾರೆ. ಅವರು ಹೋದರೂ ಮಾಡಿಟ್ಟ ಪುಡಿಯ ಡಬ್ಬಿ ಕೆಲವು ವಾರ ಉಳಿದಿರುತ್ತದೆ. ಹಾಗಾಗಿ ಅಡುಗೆಯವರು ಹೋದ ಮರುದಿನವೇ ರುಚಿ ಕೆಡುವುದಿಲ್ಲ. ಡಬ್ಬಿಯ ತಳ ಕಂಡ ಮೇಲೆ ಕೆಡುತ್ತದೆ. ಅದಾದ ಮೇಲೆ ಜನ ಎರಡು ಸಲ ಕ್ಷಮಿಸಿ, ಮೂರನೆಯ ಸಲ ದೂರು ಬರೆಯುತ್ತಾರೆ. ಆದ್ದರಿಂದ ಬದಲಾವಣೆಯಾಗಿ ಎರಡು ಮೂರು ತಿಂಗಳಾದರೂ ದೂರು ಇಲ್ಲವೆಂದ ಮಾತ್ರಕ್ಕೆ ಎಲ್ಲ ಸರಿಯಾಗಿದೆ ಅಂದುಕೊಳ್ಳಬಾರದು. ಇನ್ನೊಂದು ಕಡೆ, ಮುಖ್ಯ ಅಡುಗೆಯವರು ಹೋದರೂ ಅವರ ಕೈಕೆಳಗೆ ಹತ್ತು ಹದಿನೈದು ವರ್ಷ ಪುಡಿ ಹುರಿದವರು ಉಳಿದಿದ್ದರೆ ರುಚಿ ಬಹುಪಾಲು ಉಳಿಯುತ್ತದೆ. ತರಕಾರಿ ಹೆಚ್ಚುವವರು, ಬಡಿಸುವವರು ಮಾತ್ರ ಉಳಿದಿದ್ದರೆ ಉಳಿಯುವುದಿಲ್ಲ.

ಇದರಿಂದ ನಾನು ಒಂದು ಅಳತೆ ಮಾಡಿಕೊಂಡೆ. ಇದು ಶಾಸ್ತ್ರವಲ್ಲ, ನನ್ನ ಅಡುಗೆಮನೆಯ ಪಾವು ಚಟಾಕು ಅಷ್ಟೇ. ಅಡುಗೆಯವರು ಹೋಗಿ ಯಜಮಾನರು ಉಳಿದಿದ್ದರೆ, ಹಳೆಯ ಮಾತಿನಲ್ಲಿ ದುಡ್ಡು, ಧಾರಾಳತನ, ಶುಚಿಯ ಬಗ್ಗೆ ಹೇಳಿದ್ದನ್ನು ನಂಬುತ್ತೇನೆ, ರುಚಿಯ ಮಾತನ್ನು ಬಿಡುತ್ತೇನೆ. ಯಜಮಾನರು ಹೋಗಿ ಅಡುಗೆಯವರು ಉಳಿದಿದ್ದರೆ, ರುಚಿಯ ಮಾತನ್ನು ಅರ್ಧ ನಂಬುತ್ತೇನೆ. ಯಾಕೆ ಅರ್ಧ ಅಂದರೆ, ತುಪ್ಪದ ಬದಲು ಡಾಲ್ಡಾ ಕೊಟ್ಟರೆ ಕೈ ಅದೇ ಆದರೂ ಒಬ್ಬಟ್ಟು ಅದೇ ಆಗುವುದಿಲ್ಲ. ಇಬ್ಬರೂ ಹೋಗಿದ್ದರೆ ಜಾಗದ ಗುಡ್ಡೆಯೊಂದನ್ನು ಇಟ್ಟುಕೊಂಡು ಉಳಿದದ್ದನ್ನು ಹೊಸ ಅಂಗಡಿಗೆ ಹೋದಂತೆ ಹೊಸದಾಗಿಯೇ ವಿಚಾರಿಸುತ್ತೇನೆ.

ಹೆಸರು ಒಂದೇ ಇದ್ದು ಒಡೆತನ ಬೇರೆಯಾಗುವುದು ಸಣ್ಣ ಊರಿನ ಹೋಟೆಲಿಗೆ ಮಾತ್ರ ಆಗುವುದಲ್ಲ. ಬೆಂಗಳೂರಿನಲ್ಲಿ 1924ರಲ್ಲಿ ಶುರುವಾದ ಮಾವಳ್ಳಿ ಟಿಫಿನ್ ರೂಮ್ಸ್, ಅಂದರೆ ಎಂ.ಟಿ.ಆರ್., ಯಾರಿಗೆ ಗೊತ್ತಿಲ್ಲ? ನಾವು ಅಂಗಡಿಯಿಂದ ತರುವ ಪೊಟ್ಟಣದ ಪುಡಿಗಳೂ ಆ ಹೆಸರಿನವೇ. ಆದರೆ 2007ರಲ್ಲಿ ಪೊಟ್ಟಣದ ವ್ಯಾಪಾರವನ್ನು ನಾರ್ವೆ ದೇಶದ ಓರ್ಕ್ಲಾ ಕಂಪನಿ ಕೊಂಡಿತು. ಹೋಟೆಲುಗಳು ಮಯ್ಯ ಮನೆತನದವರಲ್ಲೇ ಉಳಿದವು. ಎರಡರಲ್ಲಿ ಯಾವುದು ಹೆಚ್ಚು ಯಾವುದು ಕಡಿಮೆ ಅಂತ ನಾನು ಹೇಳುತ್ತಿಲ್ಲ. ಹೋಟೆಲಿನ ದೋಸೆಯನ್ನು ಹೊಗಳಿದವರ ಮಾತು ಪೊಟ್ಟಣಕ್ಕೆ ಸಾಕ್ಷಿಯಲ್ಲ, ಪೊಟ್ಟಣವನ್ನು ದೂರಿದವರ ಮಾತು ಹೋಟೆಲಿಗೆ ಕಳಂಕವಲ್ಲ. ಹೆಸರು ಓದಿದ ಮೇಲೆ ಒಡೆಯರನ್ನೂ ಕೇಳಬೇಕು ಅನ್ನುವುದಷ್ಟೇ ನನ್ನ ಮಾತು.

ಬದಲಾವಣೆ ಆಗಿದೆ ಅಂತ ನಮಗೆ ತಿಳಿಯುವುದು ಹೇಗೆ? ಅವರಾಗಿ ಹೇಳುವುದಿಲ್ಲ. ಹಳೆಯ ಹೆಸರಿಗೇ ಅಲ್ಲವೇ ಅವರು ದುಡ್ಡು ಕೊಟ್ಟಿರುವುದು! ಆದರೆ ಅಭಿಪ್ರಾಯಗಳನ್ನು ತಾರೀಖಿನ ಕ್ರಮದಲ್ಲಿ ಓದಿದರೆ ಗುರುತು ಸಿಗುತ್ತದೆ. "ಮೊದಲಿನ ಹಾಗಿಲ್ಲ" ಎಂಬ ಮಾತು ಒಂದು ತಿಂಗಳಿಂದ ಈಚೆಗೆ ಪದೇ ಪದೇ ಬರತೊಡಗುತ್ತದೆ. ನಮ್ಮ ಹೋಟೆಲಿನಲ್ಲಿ ಅದು 2022ರ ಡಿಸೆಂಬರಿನಿಂದಲೇ ಶುರುವಾಗಿತ್ತು, ನಾನು ನೋಡಿರಲಿಲ್ಲ. ದೂರುಗಳಿಗೆ ಯಜಮಾನರು ವಿನಯವಾಗಿ ಉತ್ತರ ಬರೆಯುತ್ತಿದ್ದದ್ದು ಥಟ್ಟನೆ ನಿಂತಿರುತ್ತದೆ, ಇಲ್ಲವೇ ಉತ್ತರದ ಧಾಟಿ ಬದಲಾಗಿರುತ್ತದೆ. ನಡುವೆ ಎರಡು ಮೂರು ತಿಂಗಳು ಯಾರೂ ಏನೂ ಬರೆಯದೆ ಖಾಲಿ ಬಿದ್ದಿರುತ್ತದೆ, ಅಂದರೆ ಮುಚ್ಚಿ ತೆರೆದಿರಬಹುದು. ಒಂದೇ ವಾರದಲ್ಲಿ ಹತ್ತು ಹನ್ನೆರಡು ಜನ ಒಂದು ಮಾತೂ ಬರೆಯದೆ ಐದೈದು ನಕ್ಷತ್ರ ಕೊಟ್ಟಿದ್ದರೆ ಅದು ಹೊಸ ಮಾಲೀಕರ ನೆಂಟರ ಪಟ್ಟಿಯೂ ಆಗಿರಬಹುದು. ಆದರೆ ಒಂದೇ ಒಂದು ಕೆಟ್ಟ ಮಾತು ಕಂಡು ಹೌಹಾರಬೇಡಿ. ಲಗ್ನದ ದಿನಗಳಲ್ಲಿ ಮೂರು ಮದುವೆ ಒಟ್ಟಿಗೆ ಬಂದರೆ ಎಂಥ ಅಡುಗೆಯವರಿಗೂ ತಪ್ಪುತ್ತದೆ. ಒಂದೇ ದೂರು ಮೂರು ಬೇರೆ ಬೇರೆ ತಿಂಗಳಲ್ಲಿ ಕಂಡರೆ ಅದನ್ನು ನಂಬಬಹುದು.

ಇನ್ನೊಂದು ಗುರುತು ಬಿಲ್ಲಿನ ಮೇಲೆಯೇ ಇದೆ. ನಾವು ಯಾರೂ ನೋಡುವುದಿಲ್ಲ. ಊಟ ತಿಂಡಿ ಮಾರುವವರು ಆಹಾರ ಸುರಕ್ಷತೆಯ ಇಲಾಖೆಯಿಂದ ಪಡೆಯುವ 14 ಅಂಕಿಯ ಸಂಖ್ಯೆ ಅದು. ಹೋಟೆಲಿನ ಗೋಡೆಯ ಮೇಲೂ ಆ ಪತ್ರ ತೂಗುಹಾಕಿರಬೇಕು. ಅದರ ಮೊದಲ ಅಂಕಿ ಒಂದಿದ್ದರೆ ಲೈಸೆನ್ಸು, ಎರಡಿದ್ದರೆ ಸಣ್ಣ ವ್ಯಾಪಾರಕ್ಕೆ ಕೊಡುವ ನೋಂದಣಿ. ಮುಂದಿನ ಎರಡು ಅಂಕಿ ರಾಜ್ಯದ್ದು, ನಮ್ಮ ಕರ್ನಾಟಕಕ್ಕೆ 12. ಆಮೇಲಿನ ಎರಡು, ಅಂದರೆ ನಾಲ್ಕನೆಯ ಮತ್ತು ಐದನೆಯ ಅಂಕಿ, ಅದನ್ನು ಕೊಟ್ಟ ವರ್ಷದ್ದು. 21217 ಎಂದು ಶುರುವಾದರೆ 2017ರಲ್ಲಿ ಕೊಟ್ಟ ನೋಂದಣಿ, 21224 ಎಂದಿದ್ದರೆ 2024ರದ್ದು. ಒಬ್ಬರೇ ಮಾಲೀಕರಿರುವ ಹೋಟೆಲನ್ನು ಮಾರಿದಾಗ ಈ ಪತ್ರ ಕೊಂಡವರಿಗೆ ಹಾಗೇ ಸೇರುವುದಿಲ್ಲ, ಅವರು ತಮ್ಮ ಹೆಸರಿನಲ್ಲಿ ಹೊಸದು ಪಡೆಯಬೇಕು. ಮಾಲೀಕರು ತೀರಿಕೊಂಡರೆ ಮಾತ್ರ ವಾರಸುದಾರರ ಹೆಸರಿಗೆ ಬದಲಾಯಿಸಿಕೊಳ್ಳಬಹುದು. ಆದ್ದರಿಂದ "ಮೂವತ್ತು ವರ್ಷದ ಹಳೆಯ ಹೋಟೆಲು" ಎಂಬ ಬೋರ್ಡಿನ ಕೆಳಗೆ ಹೋದ ವರ್ಷದ ಸಂಖ್ಯೆ ಕಂಡರೆ ಒಂದು ಮಾತು ಕೇಳಿ. ಹಳೆಯದರ ಅವಧಿ ಮುಗಿದು ಅವರೇ ಹೊಸದು ಮಾಡಿಸಿಕೊಂಡಿರಲೂಬಹುದು, ಆದ್ದರಿಂದ ಇದನ್ನು ತೀರ್ಪು ಅಂದುಕೊಳ್ಳಬೇಡಿ. ಹಾಗೆಯೇ ಹಳೆಯ ಸಂಖ್ಯೆ ಇದ್ದ ಮಾತ್ರಕ್ಕೆ ಹಳೆಯ ಮಾಲೀಕರೇ ಇದ್ದಾರೆ ಅಂತಲೂ ಅಲ್ಲ. ಗುತ್ತಿಗೆಗೆ ಕೊಟ್ಟ ಕಡೆ ಹಳೆಯ ಪತ್ರವೇ ಗೋಡೆಯ ಮೇಲೆ ತೂಗುತ್ತಿರುವುದುಂಟು.

ಇಷ್ಟೆಲ್ಲ ಕಲಿತ ಮೇಲೆ ಅದು ಕೆಲಸಕ್ಕೆ ಬಂದದ್ದು ಉಲ್ಟಾ ದಿಕ್ಕಿನಲ್ಲಿ. ಅದನ್ನು ಹೇಳದಿದ್ದರೆ ಈ ಬರಹ ಅರ್ಧವಾಗುತ್ತದೆ.

2025ರ ಫೆಬ್ರುವರಿಯಲ್ಲಿ ನಮ್ಮ ಅತ್ತೆಯವರಿಗೆ ಎಪ್ಪತ್ತರ ಶಾಂತಿ. ಅರವತ್ತು ಜನ. ನಮ್ಮೂರಿನಲ್ಲೇ ಒಂದು ಸಣ್ಣ ಊಟದ ಮನೆಯಿದೆ. ಯಾರೋ ಅದರ ಹೆಸರು ಹೇಳಿದಾಗ ನಮ್ಮನೆಯವರು, "ಅಲ್ಲಿಗಾ? ಅಲ್ಲಿ ಸಾರಿನಲ್ಲಿ ಜಿರಳೆ ಸಿಕ್ಕಿತ್ತು ಅಂತ ಊರಿಗೇ ಗೊತ್ತು" ಅಂದರು. ಮೊಬೈಲಿನಲ್ಲೂ ಅದೇ. 130 ಜನ ಬರೆದು 3.2 ನಕ್ಷತ್ರ. ಮೊದಲಿನ ನಾನಾಗಿದ್ದರೆ ಅಲ್ಲಿಗೆ ಮಾತು ಮುಗಿಯುತ್ತಿತ್ತು. ಆದರೆ ಆ ನಿಶ್ಚಿತಾರ್ಥದ ಲೆಕ್ಕ ನೆನಪಾಗಿ ಮತ್ತೆ ಹಾಲಿನ ಪುಸ್ತಕ ತೆಗೆದೆ.

ಹೊಸವನ್ನು ಮೇಲೆ ತಂದು ಓದಿದರೆ ಕೊನೆಯ 30 ಜನ ಒಟ್ಟು 138 ನಕ್ಷತ್ರ ಕೊಟ್ಟಿದ್ದರು. ತಲೆಗೆ 4.6! ಅದಕ್ಕಿಂತ ಹಿಂದಿನ ನೂರು ಜನರದ್ದು ಸರಾಸರಿ 2.8. ಜಿರಳೆಯ ಮಾತು, ಕರಿದ ಎಣ್ಣೆಯ ಮಾತು, ಮುಂಗಡದ ಜಗಳ ಎಲ್ಲವೂ ಆ ನೂರರ ಒಳಗೇ ಇತ್ತು. ನಡುವೆ ನಾಲ್ಕು ತಿಂಗಳು ಖಾಲಿ. ಈಚಿನವರು ಬರೀ ನಕ್ಷತ್ರ ಕೊಟ್ಟು ಹೋಗಿರಲಿಲ್ಲ. "ಮಜ್ಜಿಗೆಹುಳಿ ಚೆನ್ನಾಗಿತ್ತು", "ಮಧ್ಯಾಹ್ನ ಎರಡಕ್ಕೆ ಹೋದರೂ ಅನ್ನ ಬಿಸಿ ಇತ್ತು" ಅಂತ ಬೇರೆ ಬೇರೆ ತಿಂಗಳಲ್ಲಿ ಬೇರೆ ಬೇರೆಯಾಗಿ ಬರೆದಿದ್ದರು.

ಒಂದು ಬುಧವಾರ ಮಧ್ಯಾಹ್ನ ಹೋಗಿ ಎರಡು ಊಟ ಪಾರ್ಸೆಲ್ ತಂದೆ. ಭಾನುವಾರ ಬೇಡ, ಹಬ್ಬದ ದಿನ ಬೇಡ, ಸಾಧಾರಣ ದಿನವೇ ಹೋಗಬೇಕು. ಅವತ್ತು ಮಾಡುವುದೇ ಅವರ ನಿಜವಾದ ಅಡುಗೆ. ಬಿಲ್ಲಿನ ಮೇಲಿನ ಸಂಖ್ಯೆ 21224 ಎಂದು ಶುರುವಾಗಿತ್ತು. ಮರುದಿನ ಬೆಳಗ್ಗೆ ಹತ್ತಕ್ಕೆ, ಒಲೆ ಉರಿಯುವ ಹೊತ್ತಿಗೇ ಹೋಗಿ ಮಾತಾಡಿಸಿದೆ. ನನ್ನ ವಯಸ್ಸಿನ ಹೆಂಗಸು. ಗಂಡ ಹೋದ ಮೇಲೆ ಮನೆಯಲ್ಲಿ ಚಪಾತಿ ಮಾಡಿ ಮಾರುತ್ತಿದ್ದವರು, 2024ರಲ್ಲಿ ಆ ಜಾಗ ಹಿಡಿದಿದ್ದರು. ನಾನು ಮೂರೇ ಪ್ರಶ್ನೆ ಕೇಳಿದೆ. ಪುಡಿ ಯಾರು ಮಾಡುತ್ತಾರೆ? ಸಾಮಾನು ಯಾರು ತರುತ್ತಾರೆ? ನಮ್ಮ ಕಾರ್ಯದ ದಿನ ಒಲೆಯ ಮುಂದೆ ಯಾರು ನಿಲ್ಲುತ್ತಾರೆ? ಮೂರಕ್ಕೂ ಅವರು "ನಾನೇ" ಅಂದರು. ಪುಡಿಯ ಡಬ್ಬಿ ತೆಗೆದು ಮೂಸಲು ಕೊಟ್ಟರು. ಬಿಸಿಲಿನಲ್ಲಿ ಒಣಗಿಸಿದ ಮೆಣಸಿನಕಾಯಿ ಹೊರಗೆ ಮೊರದಲ್ಲಿತ್ತು. ಒಳಗೆ ಹೋಗಬಹುದೇ ಅಂದರೆ ಬಾಗಿಲು ಬಿಟ್ಟು ಪಕ್ಕಕ್ಕೆ ನಿಂತರು.

ಆಮೇಲೆ ಅವರು ಹೇಳಿದ ಮಾತು ನನಗೆ ಮುಳ್ಳಿನ ಹಾಗೆ ನಾಟಿತು. "ಹೆಸರು ಯಾಕೆ ಬದಲಾಯಿಸಲಿಲ್ಲ ಅಂತ ಎಲ್ಲರೂ ಕೇಳ್ತಾರೆ ಅಕ್ಕ. ಬೋರ್ಡು ಬರೆಸೋಕೆ ದುಡ್ಡಿರಲಿಲ್ಲ. ಹಳೇ ಗಿರಾಕಿ ಬರ್ತಾರೆ ಅನ್ನೋ ಆಸೇನೂ ಇತ್ತು. ಗಿರಾಕಿ ಬರಲಿಲ್ಲ, ಅವರ ಜಿರಳೆ ಮಾತ್ರ ನನ್ನ ತಲೆಗೆ ಬಂತು." ಒಳ್ಳೆಯ ಹೆಸರನ್ನು ನಂಬಿ ನಾವು ಒಂದು ಮಧ್ಯಾಹ್ನ ನೊಂದೆವು. ಕೆಟ್ಟ ಹೆಸರಿನ ಕೆಳಗೆ ಈಕೆ ದಿನಾ ನೋಯುತ್ತಿದ್ದರು. ಊರಿಗೇ ಗೊತ್ತು ಅಂದ ನಮ್ಮನೆಯವರಲ್ಲಿ, ತಲೆಯಾಡಿಸಿದ ನನ್ನಲ್ಲಿ, ಅದರ ಪಾಲಿತ್ತು.

ಶಾಂತಿಯ ಊಟ ಅವರೇ ಮಾಡಿದರು. ಹೊಗಳಿಕೆಯೆಂದು ತಿಳಿಯಬೇಡಿ, ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ಪಾಯಸಕ್ಕೆ ಬೆಲ್ಲ ಒಂದು ಹಿಡಿ ಹೆಚ್ಚಾಗಿತ್ತು. ಬಡಿಸುವವರು ಇಬ್ಬರೇ ಇದ್ದು ಸ್ವಲ್ಪ ತಡವಾಯಿತು. ಆದರೆ ತೊವ್ವೆ, ಹುಳಿ ಚೆನ್ನಾಗಿತ್ತು, ಕೊನೆಯ ಎಲೆಗೂ ಅನ್ನ ಬಿಸಿಯಾಗಿ ಬಂತು. ನಾದಿನಿ ಕೊನೆಯ ಪಂಕ್ತಿಯಲ್ಲಿ ಕೂತಿದ್ದಳು. ಅನ್ನ ಬಂದಾಗ ನನ್ನ ಕಡೆ ತಿರುಗಿ ನೋಡಿದಳು, ಏನೂ ಹೇಳಲಿಲ್ಲ.

ಸಂಜೆ ನಾದಿನಿಯ ಮಗನಿಂದ ನಾಲ್ಕು ಸಾಲು ಬರೆಸಿದೆ. ನಕ್ಷತ್ರ ಕೊಟ್ಟು ಸುಮ್ಮನಾಗಬೇಡ ಅಂದೆ. "2024ರಿಂದ ಇಲ್ಲಿ ಹೊಸ ಮಾಲೀಕರು, ಅಡುಗೆಯೂ ಅವರದೇ. 2025ರ ಫೆಬ್ರುವರಿಯಲ್ಲಿ ಅರವತ್ತು ಎಲೆ ಹಾಕಿಸಿದೆವು. ಹುಳಿ ಚೆನ್ನಾಗಿತ್ತು, ಪಾಯಸ ಸಿಹಿ ಹೆಚ್ಚು, ಬಡಿಸಲು ಇನ್ನೊಬ್ಬರು ಬೇಕು" ಎಂದು ಬರೆಸಿದೆ. ನೀವೂ ಬರೆಯುವಾಗ, ಇಲ್ಲವೇ ಪಕ್ಕದ ಮನೆಯವರಿಗೆ ಬಾಯಲ್ಲಿ ಹೇಳುವಾಗ, ಯಾವಾಗ ಉಂಡಿರಿ, ಆಗ ಒಲೆಯ ಮುಂದೆ ಯಾರಿದ್ದರು ಅನ್ನುವುದನ್ನು ಸೇರಿಸಿ. ನಾಳೆ ಅಲ್ಲಿ ಇನ್ನೊಬ್ಬರು ಬಂದರೆ, ನಿಮ್ಮ ಮಾತು ಯಾರಿಗೆ ಸೇರಿದ್ದು ಎಂದು ಓದಿದವರಿಗೆ ತಿಳಿಯುತ್ತದೆ.

ಅಂದಹಾಗೆ, ಈಚೆಗೆ ಆಕೆ ಹೊಸ ಬೋರ್ಡು ಬರೆಸಿದ್ದಾರೆ. ಹಳೆಯ ಹೆಸರನ್ನು ತೆಗೆದಿಲ್ಲ. ಅದರ ಕೆಳಗೆ ಸಣ್ಣಕ್ಷರದಲ್ಲಿ ತಮ್ಮ ಹೆಸರು, ಮುಂದೆ "2024ರಿಂದ" ಎಂದು ಬರೆಸಿದ್ದಾರೆ.